ಸೀರೆ ಶೇಪ್‌ವೇರ್ ಏಕೆ ಜೋತುಬೀಳುತ್ತದೆ? ಅದನ್ನು ಒಗೆಯುವುದು, ಒಣಗಿಸುವುದು, ಅಳೆದು ನೋಡುವುದು ಹೇಗೆ?

ಕಳೆದ ಕಾರ್ತಿಕದಲ್ಲಿ ನನ್ನ ಅಕ್ಕನ ಮಗಳು, ಸೀರೆಯೊಳಗೆ ಲಂಗದ ಬದಲು ಉಡುವ ಎರಡು ಸೀರೆ ಶೇಪ್‌ವೇರ್ ಕೊಂಡಳು. ಒಂದೇ ಅಂಗಡಿ, ಒಂದೇ ಬಣ್ಣ, ಒಂದೇ ಸೈಜು. ಒಂದು ತನಗೆ, ಇನ್ನೊಂದು ಅಮ್ಮನಿಗೆ. ಎಂಟು ತಿಂಗಳಾದ ಮೇಲೆ ಅವಳು ತನ್ನದನ್ನು ಕವರ್‌ನಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದಳು. "ಚಿಕ್ಕಮ್ಮಾ, ಇದು ಪೂರ್ತಿ ಲೂಸಾಗಿದೆ. ನೆರಿಗೆ ಸಿಕ್ಕಿಸಿದರೆ ನಿಲ್ಲೋದೇ ಇಲ್ಲ. ಅಮ್ಮನದು ಮಾತ್ರ ಇನ್ನೂ ಹೊಸದರ ಹಾಗೇ ಇದೆ. ನನಗೆ ಸಿಕ್ಕಿದ್ದು ಸೆಕೆಂಡ್ಸ್ ಮಾಲಾ?" ಎಂದು ಕೇಳಿದಳು.

ಸೆಕೆಂಡ್ಸ್ ಮಾಲಲ್ಲ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ 11 ವರ್ಷ ಬಟ್ಟೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಆ ಅಭ್ಯಾಸದಿಂದ, ಕೊಂಡ ದಿನವೇ ಎರಡನ್ನೂ ಟೇಪ್ ಹಿಡಿದು ಅಳೆದು ಬರೆದಿಟ್ಟಿದ್ದೆ. ಹೊಸದರಲ್ಲಿ ಎರಡೂ ಒಂದೇ ಸಮ ಇದ್ದವು. ಆಮೇಲೆ ಬೇರೆಯಾಗಿದ್ದು ಎರಡು ಮನೆಗಳ ಒಗೆಯುವ ರೀತಿಯಿಂದ. ಈ ಎರಡು ಬಟ್ಟೆಗಳನ್ನೇ ಮುಂದಿಟ್ಟುಕೊಂಡು, ಹಿಗ್ಗುವ ಬಟ್ಟೆ ಹೇಗೆ ಸಾಯುತ್ತದೆ, ಅದನ್ನು ಹೇಗೆ ಉಳಿಸಿಕೊಳ್ಳಬಹುದು ಎಂದು ಹೇಳುತ್ತೇನೆ.

ಒಳಗೆ ಏನಿದೆ

ಶೇಪ್‌ವೇರ್‌ನ ಲೇಬಲ್ ನೋಡಿ. ನೈಲಾನ್ 80ರಿಂದ 90 ಭಾಗ, ಉಳಿದದ್ದು ಎಲಾಸ್ಟೇನ್ ಎಂದು ಇರುವುದು ಸಾಮಾನ್ಯ. ಕೆಲವರು ಎಲಾಸ್ಟೇನ್ ಜಾಗದಲ್ಲಿ ಸ್ಪ್ಯಾಂಡೆಕ್ಸ್ ಎಂದು ಬರೆಯುತ್ತಾರೆ. ಎರಡೂ ಒಂದೇ. ಲೈಕ್ರಾ ಎಂಬುದು ಅದರ ಒಂದು ಬ್ರ್ಯಾಂಡ್ ಹೆಸರು. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ 1958ರಲ್ಲಿ ಈ ನೂಲನ್ನು ಕಂಡುಹಿಡಿದರು. ಅದಕ್ಕೂ ಮುಂಚೆ ಹೆಂಗಸರ ಬಿಗಿ ಒಳಉಡುಪುಗಳಲ್ಲಿ ರಬ್ಬರ್ ದಾರ ಇರುತ್ತಿತ್ತು. ಬೆವರು, ಎಣ್ಣೆ ತಾಗಿದರೆ ಅದು ಬೇಗ ಹಾಳಾಗುತ್ತಿತ್ತು.

ಎಲಾಸ್ಟೇನ್ ರಾಸಾಯನಿಕವಾಗಿ ಪಾಲಿಯುರೆಥೇನ್. ಒಂದು ಎಳೆಯನ್ನು ಎಳೆದರೆ ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮತ್ತೆ ಹಿಂದಿರುಗುತ್ತದೆ. ಇದು ಹೇಗೆ ಸಾಧ್ಯ ಎಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಆ ಎಳೆಯೊಳಗಿನ ಒಂದೊಂದು ಅಣು ಸರಪಳಿಯಲ್ಲೂ ಎರಡು ಬಗೆಯ ತುಂಡುಗಳು ಒಂದಾದ ಮೇಲೊಂದು ಸೇರಿಕೊಂಡಿವೆ. ಮೆತ್ತನೆಯ ಉದ್ದ ತುಂಡು, ಗಟ್ಟಿಯಾದ ಗಿಡ್ಡ ತುಂಡು. ಮೆತ್ತನೆಯ ತುಂಡು ಸುಮ್ನೆ ಬಿಟ್ಟರೆ ಉಂಡೆ ಕಟ್ಟಿದ ದಾರದ ಹಾಗೆ ಸುರುಳಿಯಾಗಿರುತ್ತದೆ. ಎಳೆದಾಗ ಬಿಚ್ಚಿಕೊಳ್ಳುತ್ತದೆ. ಗಟ್ಟಿ ತುಂಡುಗಳು ಅಕ್ಕಪಕ್ಕದ ಸರಪಳಿಗಳ ಗಟ್ಟಿ ತುಂಡುಗಳಿಗೆ ಅಂಟಿಕೊಂಡು ಗಂಟಿನಂತೆ ಹಿಡಿದಿರುತ್ತವೆ. ಕೈ ಬಿಟ್ಟಾಗ ಎಲ್ಲ ಮೊದಲಿನ ಜಾಗಕ್ಕೆ ಬರುವುದು ಈ ಗಂಟುಗಳಿಂದ. ಗಾರ್ಮೆಂಟ್ಸ್‌ನಲ್ಲಿ ನಾವು ಇದನ್ನೇ ರಿಕವರಿ ಎನ್ನುತ್ತೇವೆ.

ಆ ಗಂಟುಗಳು ಹೊಲಿಗೆ ಹಾಕಿದಷ್ಟು ಭದ್ರ ಅಲ್ಲ. ಬಿಸಿ ತಾಗಿದರೆ ಸಡಿಲವಾಗುತ್ತವೆ. ಹಿಗ್ಗಿದ ಸ್ಥಿತಿಯಲ್ಲೇ ಸಡಿಲವಾದರೆ ಗಂಟು ಜಾರಿ ಬೇರೆ ಜಾಗದಲ್ಲಿ ಕೂರುತ್ತದೆ. ತಣ್ಣಗಾದ ಮೇಲೆ ಆ ಹೊಸ ಜಾಗವೇ ಅದಕ್ಕೆ ಮನೆ. ಬಟ್ಟೆ ಜೋತುಬಿತ್ತು ಎನ್ನುವುದು ಇದನ್ನೇ.

ಬಟ್ಟೆ ತಯಾರಿಸುವಾಗ ಬೇಕೆಂದೇ ಹೀಗೆ ಮಾಡುತ್ತಾರೆ. ಸ್ಟೆಂಟರ್ ಎಂಬ ಉದ್ದನೆಯ ಮೆಷಿನ್ ಇದೆ. ಅದರಲ್ಲಿ ಬಟ್ಟೆಯನ್ನು ಬೇಕಾದ ಅಗಲಕ್ಕೆ ಎಳೆದು ಹಿಡಿದು ಸುಮಾರು 180ರಿಂದ 195 ಡಿಗ್ರಿ ಬಿಸಿಯಲ್ಲಿ ಒಂದು ನಿಮಿಷದೊಳಗೆ ಸಾಗಿಸುತ್ತಾರೆ. ಗಂಟುಗಳು ಹೊಸ ಅಗಲದಲ್ಲಿ ಕೂರುತ್ತವೆ. ಮನೆಯಲ್ಲಿ ಅಷ್ಟು ಬಿಸಿ ಇಲ್ಲ. ಆದರೆ ಒದ್ದೆ, ಬಿಸಿ, ಎಳೆತ ಮೂರೂ ಸೇರಿದರೆ 60 ಡಿಗ್ರಿಯಲ್ಲೂ ಇದೇ ಕೆಲಸ ನಿಧಾನವಾಗಿ ನಡೆಯುತ್ತದೆ. ಒಂದೇ ಸಲಕ್ಕೆ ಕಾಣುವುದಿಲ್ಲ. ಹತ್ತು ಹದಿನೈದು ಸಲ ಆದಮೇಲೆ ಕಾಣುತ್ತದೆ.

ಹಾಗಾದರೆ ನೈಲಾನ್ ಏಕೆ? ಅದು ಎಲಾಸ್ಟೇನ್‌ಗೆ ಹೊದಿಕೆ. ಉಜ್ಜಾಟ ತಡೆಯುತ್ತದೆ, ಸೀರೆ ಸಲೀಸಾಗಿ ಜಾರುವಂತೆ ನುಣುಪು ಕೊಡುತ್ತದೆ, ಎಲಾಸ್ಟೇನ್ ಎಷ್ಟರಮಟ್ಟಿಗೆ ಹಿಗ್ಗಬಹುದು ಎಂಬುದಕ್ಕೆ ಮಿತಿ ಹಾಕುತ್ತದೆ. ಹಿಂದಕ್ಕೆ ಎಳೆಯುವ ಕೆಲಸ ಹೆಚ್ಚು ಕಡಿಮೆ ಪೂರ್ತಿ ಎಲಾಸ್ಟೇನ್‌ನದೇ. ಅದಕ್ಕೇ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುವ ಬಟ್ಟೆ ಒಳಗೆ ಸತ್ತಿರಬಹುದು.

ಎರಡು ಮನೆ, ಎರಡು ರೀತಿ

ಅಕ್ಕ ಇರುವುದು ಬಸವನಗುಡಿಯಲ್ಲಿ. ಮನೆಗೆ ಕಾವೇರಿ ನೀರು ಬರುತ್ತದೆ. ಮದುವೆ, ಪೂಜೆ ಮುಗಿಸಿ ಬಂದ ಸಂಜೆಯೇ ಅವಳು ಶೇಪ್‌ವೇರನ್ನು ಬಕೆಟ್ಟಿನಲ್ಲಿ ಅದ್ದಿ ಕೈಯಲ್ಲಿ ಒಗೆದು ಮನೆಯೊಳಗಿನ ಸ್ಟ್ಯಾಂಡ್ ಮೇಲೆ ಹರವುತ್ತಾಳೆ. ರೇಷ್ಮೆ ರವಿಕೆಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಿದ್ದಾಳೆ.

ಅವಳ ಮಗಳು ಇರುವುದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ. ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ವಾರಪೂರ್ತಿ ಬಟ್ಟೆ ಬುಟ್ಟಿಯಲ್ಲಿ ಬಿದ್ದಿರುತ್ತದೆ. ಭಾನುವಾರ ಟವೆಲ್, ಜೀನ್ಸ್, ಬೆಡ್‌ಶೀಟ್ ಜೊತೆ ಮೆಷಿನ್‌ಗೆ. ಕಾಟನ್ ಸೈಕಲ್, 60 ಡಿಗ್ರಿ. ಕೊನೆಗೆ ಒಂದು ಮುಚ್ಚಳ ಸುವಾಸನೆಯ ಸಾಫ್ಟನರ್. ಆಮೇಲೆ ಟೆರೇಸಿನ ತಂತಿಗೆ ಸೊಂಟದ ಪಟ್ಟಿಯನ್ನೇ ಕ್ಲಿಪ್ ಹಾಕಿ ನೇತುಹಾಕುವುದು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಗಳು ಅದನ್ನು ಸುಮಾರು ಮೂವತ್ತು ಸಲ ಉಟ್ಟಿದ್ದಾಳೆ, ಅಕ್ಕ ಹನ್ನೆರಡು ಸಲ ಅಷ್ಟೆ. ಜಾಸ್ತಿ ಉಟ್ಟದ್ದು ಜಾಸ್ತಿ ಸವೆಯುತ್ತದೆ. ಆದರೂ ಸರಿಯಾದ ಸೈಜಿನ ಒಳ್ಳೆಯ ಬಟ್ಟೆ ಮೂವತ್ತೇ ಸಲಕ್ಕೆ ಈ ಮಟ್ಟಕ್ಕೆ ಬರಬಾರದು.

ಮೊದಲು ಅಳೆಯಿರಿ

ಲೂಸಾಗಿದೆ ಎಂದು ಅನಿಸುವುದು ಬೇರೆ, ಎಷ್ಟು ಲೂಸಾಗಿದೆ ಎಂದು ಗೊತ್ತಾಗುವುದು ಬೇರೆ. ನಮ್ಮದೇ ಸೊಂಟ ಸ್ವಲ್ಪ ಸಣ್ಣಗಾಗಿರಬಹುದು ಅಲ್ವಾ? ಅದಕ್ಕೆ ಎರಡು ಅಳತೆ ಸಾಕು. ಬಟ್ಟೆ ಒಗೆದು, ಒಣಗಿ, ಒಂದು ದಿನ ಸುಮ್ಮನೆ ಇದ್ದ ಮೇಲೆ ಮಾಡಬೇಕು.

ಮೊದಲನೆಯದು ಸೊಂಟದ ಅಳತೆ. ಮೇಜಿನ ಮೇಲೆ ಎಳೆಯದೆ ಚಪ್ಪಟೆಯಾಗಿ ಹರವಿ, ಸೊಂಟದ ಪಟ್ಟಿಯ ಈ ತುದಿಯಿಂದ ಆ ತುದಿಗೆ ಅಳೆಯಿರಿ. ಹೊಸದರಲ್ಲಿ ಎರಡೂ 31 ಸೆಂ.ಮೀ. ಇದ್ದವು. ಈಗ ಅಕ್ಕನದು 31.5, ಮಗಳದು 35.

ನಾಲ್ಕು ಸೆಂ.ಮೀ. ಏನು ಮಹಾ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಅದು ಅರ್ಧ ಸುತ್ತು. ಪೂರ್ತಿ ಸುತ್ತಳತೆ ಹೊಸದರಲ್ಲಿ 62, ಈಗ 70. ಅವಳ ಸೊಂಟ 80 ಸೆಂ.ಮೀ. ಹೊಸದಿದ್ದಾಗ 62 ಇದ್ದದ್ದು 80ಕ್ಕೆ ಹಿಗ್ಗಬೇಕಿತ್ತು, ಅಂದರೆ ಶೇಕಡಾ 29. ಈಗ 70 ಇದ್ದದ್ದು 80ಕ್ಕೆ ಹಿಗ್ಗಿದರೆ ಸಾಕು, ಶೇಕಡಾ 14. ಹಿಗ್ಗುವುದು ಅರ್ಧಕ್ಕೆ ಇಳಿಯಿತು. ಬಟ್ಟೆ ಎಷ್ಟು ಹಿಗ್ಗುತ್ತದೋ ಅಷ್ಟರ ಮೇಲೆ ಅದರ ಹಿಡಿತ ನಿಂತಿದೆ. ಸೀರೆ ಶೇಪ್‌ವೇರ್‌ಗೆ ಲಾಡಿಯ ಗಂಟಿಲ್ಲ. ನೆರಿಗೆ, ಸೆರಗಿನ ಭಾರವನ್ನೆಲ್ಲ ಹೊರುವುದು ಈ ಪಟ್ಟಿ ಒಂದೇ. ಅವಳ ನೆರಿಗೆ ನಿಲ್ಲದಿರುವುದಕ್ಕೆ ಈ 8 ಸೆಂ.ಮೀ. ಕಾರಣ.

ಎರಡನೆಯದು ಎಳೆದು ಬಿಡುವ ಪರೀಕ್ಷೆ. ಸೊಂಟದ ಪಟ್ಟಿಯಿಂದ ಒಂದು ಗೇಣು ಕೆಳಗೆ, ಪೃಷ್ಠದ ಭಾಗದಲ್ಲಿ, ಅಡ್ಡಡ್ಡಲಾಗಿ ಸರಿಯಾಗಿ 10 ಸೆಂ.ಮೀ. ಅಂತರದಲ್ಲಿ ಬೇರೆ ಬಣ್ಣದ ದಾರದ ಎರಡು ಸಣ್ಣ ಗುರುತು ಕಟ್ಟಿ. ಸೂಜಿಯನ್ನು ಹೆಣಿಗೆಯ ಕುಣಿಕೆಗಳ ನಡುವಿನ ಸಂದಿಯಲ್ಲೇ ತೂರಿಸಿ, ನೂಲಿಗೆ ಚುಚ್ಚಬೇಡಿ. ಸ್ಕೇಲಿನ ಪಕ್ಕ ಇಟ್ಟು ಆ 10 ಸೆಂ.ಮೀ. 15 ಆಗುವವರೆಗೆ ಎಳೆದು ಹತ್ತು ನಿಮಿಷ ಹಾಗೇ ಹಿಡಿಯಬೇಕು. ಕೈ ನೋಯುತ್ತದೆ, ಹಲಗೆಗೆ ಬಟ್ಟೆ ಕ್ಲಿಪ್ ಹಾಕಿ ಹಿಡಿಸಿದರೆ ಸುಲಭ. ಬಿಟ್ಟ ಒಂದು ನಿಮಿಷಕ್ಕೆ ಒಮ್ಮೆ, ಒಂದು ಗಂಟೆಗೆ ಇನ್ನೊಮ್ಮೆ ಅಳೆಯಿರಿ.

ಅಕ್ಕನದು ಒಂದು ನಿಮಿಷಕ್ಕೆ 10.3, ಒಂದು ಗಂಟೆಗೆ 10.1. ಹಿಗ್ಗಿದ್ದು 5 ಸೆಂ.ಮೀ., ಹಿಂದೆ ಬಂದದ್ದು 4.9. ಅಂದರೆ ರಿಕವರಿ ಶೇಕಡಾ 98. ಮಗಳದು ಒಂದು ನಿಮಿಷಕ್ಕೆ 11, ಒಂದು ಗಂಟೆಗೆ 10.8. ಹಿಂದೆ ಬಂದದ್ದು 4.2, ರಿಕವರಿ ಶೇಕಡಾ 84. ಇದು ಮನೆಯ ಪರೀಕ್ಷೆ, ಲ್ಯಾಬಿನದಲ್ಲ. ಎರಡು ಬಟ್ಟೆ ಹೋಲಿಸಲು, ಅಥವಾ ಒಂದೇ ಬಟ್ಟೆಯನ್ನು ಈಗೊಮ್ಮೆ, ಆರು ತಿಂಗಳಾದ ಮೇಲೊಮ್ಮೆ ನೋಡಲು ಧಾರಾಳ ಸಾಕು.

ಒಂದು ನಿಮಿಷದ ಅಳತೆಗೂ ಒಂದು ಗಂಟೆಯ ಅಳತೆಗೂ ವ್ಯತ್ಯಾಸ ಇದೆ, ಗಮನಿಸಿದಿರಾ? ಒಳ್ಳೆಯ ಬಟ್ಟೆಯೂ ಒಂದೇ ಏಟಿಗೆ ಪೂರ್ತಿ ಹಿಂದಿರುಗುವುದಿಲ್ಲ. ಸ್ವಲ್ಪ ಭಾಗ ನಿಧಾನವಾಗಿ ಬರುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಉಟ್ಟದ್ದಾದರೆ ಅದಕ್ಕೆ ಒಂದು ಪೂರ್ತಿ ದಿನ ಬೇಕು. ಅದಕ್ಕೇ ಒಂದೇ ಶೇಪ್‌ವೇರನ್ನು ಎರಡು ದಿನ ಸತತವಾಗಿ ಉಡಬಾರದು. ಮದುವೆಮನೆಯಲ್ಲಿ ವರಪೂಜೆ, ಮುಹೂರ್ತ, ಆರತಕ್ಷತೆ ಮೂರಕ್ಕೂ ಒಂದನ್ನೇ ಉಟ್ಟರೆ ಮೂರನೆಯ ಸಲ ಅದು ಈಗಾಗಲೇ ಹಿಗ್ಗಿದ ಸ್ಥಿತಿಯಿಂದಲೇ ಮತ್ತೆ ಹಿಗ್ಗುತ್ತದೆ. ಎರಡು ಇಟ್ಟುಕೊಂಡು ಒಂದಾದ ಮೇಲೊಂದು ಉಡಿ.

ಒಗೆಯುವುದು: ಅದೇ ದಿನ, ತಣ್ಣೀರಲ್ಲಿ

ಜಾಸ್ತಿ ಒಗೆದರೆ ಬೇಗ ಹಾಳಾಗುತ್ತದೆ, ಅದಕ್ಕೆ ಮೂರು ನಾಲ್ಕು ಸಲ ಉಟ್ಟು ಒಮ್ಮೆ ಒಗೆಯುತ್ತೇನೆ ಎಂದು ಹೇಳುವವರು ಬಹಳ ಜನ. ಇದು ತಪ್ಪು. ಮೈಯಿಂದ ಬರುವ ಜಿಡ್ಡು ಎಲಾಸ್ಟೇನ್ ಒಳಗೆ ಇಳಿದು ಆ ಮೆತ್ತನೆಯ ತುಂಡುಗಳನ್ನು ಉಬ್ಬಿಸುತ್ತದೆ, ಎಳೆ ಬಲ ಕಳೆದುಕೊಳ್ಳುತ್ತದೆ. ಮೈಗೆ ಹಚ್ಚಿದ ಕೊಬ್ಬರಿ ಎಣ್ಣೆ, ಲೋಷನ್ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಬುಟ್ಟಿಯಲ್ಲಿ ವಾರವಿಡೀ ಬಿದ್ದಿರುವಾಗ ಜಿಡ್ಡಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಅದೂ ಅಲ್ಲದೆ, ತಣ್ಣೀರಲ್ಲಿ ಮೆಲ್ಲಗೆ ಒಗೆದಾಗ ಬಟ್ಟೆಗೆ ಎಳೆತ ತಪ್ಪಿ, ಕುಣಿಕೆಗಳು ತಮ್ಮ ಜಾಗಕ್ಕೆ ಮರಳುತ್ತವೆ. ಉಟ್ಟು ಬಿಚ್ಚಿದಾಗ ಮಂಡಿಯ ಹತ್ತಿರ ಜೋತಂತೆ ಕಂಡದ್ದು ಒಗೆದ ಮೇಲೆ ಸರಿಯಾಗುವುದು ಇದರಿಂದಲೇ.

ಲೋಷನ್ ಅಥವಾ ಎಣ್ಣೆ ಹಚ್ಚಿದ್ದರೆ ಅರ್ಧ ಗಂಟೆ ಬಿಟ್ಟು, ಒಣ ಟವೆಲ್‌ನಿಂದ ಒತ್ತಿ ಒರೆಸಿಕೊಂಡು ಆಮೇಲೆ ಹಾಕಿಕೊಳ್ಳಿ. ಹಾಕುವಾಗ ಸೊಂಟದ ಪಟ್ಟಿ ಹಿಡಿದು ಜಗ್ಗಬೇಡಿ. ಕಾಲುಚೀಲದ ಹಾಗೆ ಪೂರ್ತಿ ಸುರುಟಿಕೊಂಡು, ಕಾಲು ತೂರಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಿಡಿಸುತ್ತಾ ಹೋಗಿ. ಉಂಗುರ, ಬಳೆ ಮೊದಲೇ ತೆಗೆದಿಡಿ.

ಒಗೆಯುವ ಕ್ರಮ ಹೀಗೆ. ಒಳಭಾಗ ಹೊರಗೆ ಬರುವಂತೆ ತಿರುಗಿಸಿ, ಏಕೆಂದರೆ ಜಿಡ್ಡು ಇರುವುದು ಒಳಗೆ. ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರು ತೆಗೆದುಕೊಳ್ಳಿ. ಕೈ ಹಾಕಿದರೆ ತಣ್ಣಗೆ ಇರಬೇಕು, ತೀರಾ ಚಳಿಯಾದರೆ ಉಗುರುಬೆಚ್ಚಗೆ. 30 ಡಿಗ್ರಿ ಸಾಕು, 40 ದಾಟಬಾರದು. ಗೀಸರ್ ನೀರನ್ನು ನೇರವಾಗಿ ಹಿಡಿಯಬೇಡಿ. ಒಂದು ಟೀ ಚಮಚದಷ್ಟು ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಕಲಸಿ, ಆಮೇಲೆ ಬಟ್ಟೆ ಅದ್ದಿ. ಹತ್ತು ನಿಮಿಷ ನೆನೆಯಲಿ. ರಾತ್ರಿಯಿಡೀ ನೆನೆಹಾಕಬೇಡಿ.

ಆಮೇಲೆ ಚಪಾತಿ ಹಿಟ್ಟು ಮೆತ್ತಗೆ ನಾದುವ ಹಾಗೆ ಅಂಗೈಯಿಂದ ಒತ್ತಿ ಬಿಡಿ, ಒತ್ತಿ ಬಿಡಿ. ಸೊಂಟದ ಪಟ್ಟಿ, ತೊಡೆ ಸಂದಿ ಜಾಗಗಳಿಗೆ ಸ್ವಲ್ಪ ಜಾಸ್ತಿ ಗಮನ ಕೊಡಿ. ಬ್ರಷ್ ಬೇಡ, ಒಗೆಯುವ ಕಲ್ಲು ಬೇಡ, ಕುಕ್ಕುವುದಂತೂ ಬೇಡವೇ ಬೇಡ. ಬಟ್ಟೆ ಮೇಲೆತ್ತುವಾಗ ಒಂದು ತುದಿ ಹಿಡಿದು ಎತ್ತಬೇಡಿ. ನೀರು ತುಂಬಿದ ಬಟ್ಟೆ ಭಾರ, ಆ ಭಾರವೆಲ್ಲ ಆ ತುದಿಗೆ ಬೀಳುತ್ತದೆ. ಎರಡೂ ಕೈಯಲ್ಲಿ ಮುದ್ದೆಯಾಗಿ ಎತ್ತಿ. ನೀರು ತಿಳಿಯಾಗುವವರೆಗೆ ಜಾಲಿಸಿ, ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ. ಮುಟ್ಟಿದರೆ ಜಾರುಜಾರು ಎನಿಸಿದರೆ ಇನ್ನೂ ಸೋಪಿದೆ ಎಂದರ್ಥ.

ಹಿಂಡಬೇಡಿ. ದೊಡ್ಡ ಟವೆಲ್ ಹಾಸಿ, ಅದರ ಮೇಲೆ ಶೇಪ್‌ವೇರ್ ಹರವಿ, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿ. ಅರ್ಧಕ್ಕಿಂತ ಜಾಸ್ತಿ ನೀರು ಟವೆಲ್ ಕುಡಿಯುತ್ತದೆ.

ಕೈಯಲ್ಲಿ ಒಗೆಯಲು ಸಮಯವಿಲ್ಲ ಎನ್ನುವವರಿಗೆ ಮೆಷಿನ್ ಪೂರ್ತಿ ನಿಷಿದ್ಧವಲ್ಲ. ಫ್ರಂಟ್ ಲೋಡ್ ಇದ್ದರೆ ಮೆಶ್ ಬ್ಯಾಗಿನಲ್ಲಿ ಹಾಕಿ, ಡೆಲಿಕೇಟ್ ಸೈಕಲ್, 30 ಡಿಗ್ರಿ ಅಥವಾ ತಣ್ಣೀರು, ಸ್ಪಿನ್ 400ರಿಂದ 600. ಜೊತೆಗೆ ಒಳಉಡುಪು, ತೆಳು ಟಾಪ್‌ಗಳಂಥ ಹಗುರ ಬಟ್ಟೆ ಮಾತ್ರ. ಟಾಪ್ ಲೋಡ್ ಮೆಷಿನ್ನಿನ ತಳದ ಚಕ್ರ ಉದ್ದ ಬಟ್ಟೆಗಳನ್ನು ಒಂದಕ್ಕೊಂದು ಜಡೆ ಹೆಣೆದ ಹಾಗೆ ತಿರುಚುತ್ತದೆ. ಸೀರೆ ಶೇಪ್‌ವೇರ್ ಉದ್ದವಿರುವುದರಿಂದ ಅಲ್ಲಿ ಹಾಕಲೇಬೇಡಿ ಎನ್ನುವುದು ನನ್ನ ಸಲಹೆ. ಡ್ರೈಯರ್ ಯಾವ ಕಾರಣಕ್ಕೂ ಬೇಡ.

ಸಾಫ್ಟನರ್, ಬ್ಲೀಚು, ನೀರು

ಸಾಫ್ಟನರ್ ಬಟ್ಟೆಯನ್ನು ಮೆತ್ತಗೆ ಮಾಡುವುದು ನೂಲಿನ ಮೇಲೆ ಜಾರುವ ಪದರ ಹಚ್ಚಿ. ಟವೆಲ್ಲಿಗೆ ಸರಿ. ಆದರೆ ಶೇಪ್‌ವೇರ್ ಹಿಡಿದು ನಿಲ್ಲುವುದರಲ್ಲಿ ನೂಲು ನೂಲಿಗೆ ತಾಗಿ ನಿಲ್ಲುವ ಹಿಡಿತಕ್ಕೂ ಪಾಲಿದೆ. ಆ ಪದರ ಬಂದರೆ ಎಲಾಸ್ಟೇನ್ ಎಳೆ ಹೆಣಿಗೆಯೊಳಗೆ ಸುಲಭವಾಗಿ ಜಾರುತ್ತದೆ, ಹೊಲಿಗೆಯ ಕಡೆ ಕತ್ತರಿಸಿದ ತುದಿ ಒಳಕ್ಕೆ ಸರಿಯುತ್ತದೆ. ಜೊತೆಗೆ ಮುಂದಿನ ಒಗೆತದಲ್ಲಿ ಜಿಡ್ಡು ಬಿಡುವುದು ಕಷ್ಟವಾಗುತ್ತದೆ. ಸುವಾಸನೆ ಬೇಕಾದರೆ ಬೀರುವಿನಲ್ಲಿ ಲಾವಂಚದ ಬೇರು ಇಡಿ.

ಕ್ಲೋರಿನ್ ಬ್ಲೀಚು ಎಲಾಸ್ಟೇನಿನ ಎಳೆಯನ್ನೇ ಕಡಿಯುತ್ತದೆ. ನೈಲಾನ್‌ಗೂ ಅದು ಆಗದು. ತಿಳಿ ಬಣ್ಣದ ಬಟ್ಟೆ ಹಳದಿಯಾಯಿತೆಂದು ಬ್ಲೀಚ್ ಹಾಕಿದರೆ ಇನ್ನೂ ಹಳದಿಯಾಗುತ್ತದೆ, ಎಳೆಯೂ ಹೋಗುತ್ತದೆ. ನಲ್ಲಿ ನೀರಿನಲ್ಲಿ ಇರುವ ಅಲ್ಪ ಕ್ಲೋರಿನ್‌ಗೆ ಹೆದರಬೇಕಿಲ್ಲ. ಆದರೆ ಅಪಾರ್ಟ್‌ಮೆಂಟಿನ ಸಂಪಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿ ಬಿಟ್ಟರೆ ಮೂಗಿಗೆ ಹೊಡೆಯುವಷ್ಟು ವಾಸನೆ ಬರುತ್ತದೆ. ಆ ದಿನ ಇದನ್ನು ಒಗೆಯುವುದು ಬಿಟ್ಟುಬಿಡಿ.

ಬೆಂಗಳೂರಿನವರು ಯೋಚಿಸಲೇಬೇಕಾದ್ದು ನೀರಿನ ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇಟ್ಟಿದೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ನಗರದ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು. ಬಕೆಟ್ಟಿನ ಅಂಚಿನ ಬಿಳಿ ಪಟ್ಟೆ, ಗೀಸರ್ ಕಾಯಿಲ್‌ನ ಸುಣ್ಣ ಅದಕ್ಕೆ ಸಾಕ್ಷಿ. ಗಡಸು ನೀರು ಎಲಾಸ್ಟೇನನ್ನು ನೇರವಾಗಿ ಕಡಿಯುವುದಿಲ್ಲ. ಅದು ಬಟ್ಟೆ ಸೋಪಿನ ಜೊತೆ ಸೇರಿ ಅಂಟಂಟು ಗಸಿಯಾಗುತ್ತದೆ. ಆ ಗಸಿ ನೂಲುಗಳ ನಡುವೆ ಕೂತು ಬಟ್ಟೆಯನ್ನು ಬಿರುಸು ಮಾಡುತ್ತದೆ, ಜಿಡ್ಡನ್ನು ಒಳಗೇ ಹಿಡಿದಿಡುತ್ತದೆ. ಆಗ ನಾವು ಬಿಸಿನೀರು ಹಾಕುತ್ತೇವೆ, ಜೋರಾಗಿ ಉಜ್ಜುತ್ತೇವೆ, ಸಾಫ್ಟನರ್ ಸುರಿಯುತ್ತೇವೆ. ಹಾನಿ ಅಲ್ಲಿಂದ ಶುರು.

ನಿಮ್ಮ ನೀರು ಹೇಗಿದೆ ಎಂದು ನೋಡಲು ಒಂದು ಬಾಟಲಿಯಲ್ಲಿ ಅರ್ಧ ನೀರು ಹಾಕಿ, ಬಟ್ಟೆ ಸೋಪನ್ನು ಸ್ವಲ್ಪ ತುರಿದು ಹಾಕಿ, ಜೋರಾಗಿ ಕುಲುಕಿ. ನೊರೆ ನಿಂತರೆ ಮೆದು ನೀರು. ನೊರೆ ಬರದೆ ಮೊಸರೊಡೆದ ಹಾಗೆ ಬಿಳಿ ಚೂರು ತೇಲಿದರೆ ಗಡಸು. ಗಡಸಾಗಿದ್ದರೆ ಬಾರ್ ಸೋಪು ಪೂರ್ತಿ ಬಿಡಿ, ಲಿಕ್ವಿಡ್ ಡಿಟರ್ಜೆಂಟ್ ಬಳಸಿ, ಒಂದು ಸಲ ಹೆಚ್ಚಿಗೆ ಜಾಲಿಸಿ. ಮಳೆಗಾಲದಲ್ಲಿ ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ನೀರು ಉಳಿಸಲು ಆರ್‌ಒ ಫಿಲ್ಟರಿನಿಂದ ಹೊರಬರುವ ನೀರಲ್ಲಿ ಬಟ್ಟೆ ಒಗೆಯುವ ಅಭ್ಯಾಸ ನಮ್ಮಲ್ಲಿದೆ, ಒಳ್ಳೆಯ ಅಭ್ಯಾಸವೇ. ಆದರೆ ಫಿಲ್ಟರ್ ತೆಗೆದ ಲವಣವೆಲ್ಲ ಇರುವುದು ಅದರಲ್ಲೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಒಣಗಿಸುವುದು

ಒಗೆಯುವಾಗ ಎಚ್ಚರ ವಹಿಸಿದವರೂ ಇಲ್ಲಿ ಎಡವುತ್ತಾರೆ. ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ಒದ್ದೆ ಬಟ್ಟೆಯ ಪೂರ್ತಿ ಭಾರ ಕ್ಲಿಪ್ ಇರುವ ಎರಡು ಜಾಗಕ್ಕೆ. ಮೇಲೆ ಮಾರ್ಚ್ ತಿಂಗಳ ಟೆರೇಸಿನ ಬಿಸಿಲು. ಒದ್ದೆ, ಬಿಸಿ, ಎಳೆತ, ಮೊದಲು ಹೇಳಿದ ಮೂರೂ ಒಂದೇ ಕಡೆ ಸೇರಿದವು ನೋಡಿ. ಮಗಳ ಶೇಪ್‌ವೇರಿನ ಪಟ್ಟಿಯಲ್ಲಿ ಕ್ಲಿಪ್ ಹಾಕುತ್ತಿದ್ದ ಎರಡೂ ಕಡೆ ಬಟ್ಟೆ ಅಲೆಅಲೆಯಾಗಿ ಎದ್ದಿತ್ತು. ಅದನ್ನು ನೋಡಿದ ತಕ್ಷಣ, ಅವಳು ಹೇಳುವ ಮುಂಚೆಯೇ, ಹೇಗೆ ಒಣಗಿಸುತ್ತಾಳೆ ಎಂದು ನನಗೆ ಗೊತ್ತಾಯಿತು. ಬಿಸಿಲಿನ ನೇರಳಾತೀತ ಕಿರಣವೂ ಎಲಾಸ್ಟೇನಿಗೆ ಶತ್ರು. ಹಳದಿ ಬರಿಸುತ್ತದೆ, ಎಳೆ ಪೆಡಸಾಗುತ್ತದೆ.

ಯುಟಿಲಿಟಿಯಲ್ಲಿ ಅಥವಾ ರೂಮಿನಲ್ಲಿ ಬಟ್ಟೆ ಸ್ಟ್ಯಾಂಡಿನ ಮೇಲೆ ಅಡ್ಡಡ್ಡ ಹರವಿ. ಜಾಗವಿಲ್ಲದಿದ್ದರೆ ಸ್ಟ್ಯಾಂಡಿನ ಎರಡು ಮೂರು ಸಲಾಕೆಗಳ ಮೇಲೆ ಮಧ್ಯಕ್ಕೆ ಮಡಿಸಿ ಹಾಕಿ, ಭಾರ ಎರಡೂ ಕಡೆ ಸಮವಾಗಿ ಬೀಳಲಿ. ನೈಲಾನ್ ಬೇಗ ಒಣಗುತ್ತದೆ. ಆಷಾಢದ ಮೋಡದಲ್ಲೂ ಫ್ಯಾನ್ ಕೆಳಗೆ ರಾತ್ರಿ ಹರವಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಇಸ್ತ್ರಿ ಬೇಕಿಲ್ಲ. ಇಸ್ತ್ರಿ ಅಂಗಡಿಗೆ ಹೋಗುವ ಗಂಟಿನಲ್ಲಿ ಇದು ಸೇರಿಕೊಳ್ಳದ ಹಾಗೆ ನೋಡಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಮಡಿಸಿ, ಪ್ಲಾಸ್ಟಿಕ್ ಕವರ್ ಬದಲು ಹಳೆಯ ಪಂಚೆ ತುಂಡಿನಲ್ಲಿ ಸುತ್ತಿ ಇಡಿ. ಕೆಲವು ಪ್ಲಾಸ್ಟಿಕ್ ಕವರ್‌ಗಳಿಂದ ತಿಳಿ ಬಣ್ಣದ ನೈಲಾನ್ ಹಳದಿಯಾಗುತ್ತದೆ.

ಹೋದದ್ದು ವಾಪಸ್ ಬರುತ್ತದೆಯೇ

ಮಗಳು ಕೊನೆಗೆ ಕೇಳಿದ್ದು ಇದನ್ನೇ. "ಕುದಿಯೋ ನೀರಿಗೆ ಹಾಕಿದರೆ ಟೈಟ್ ಆಗುತ್ತಂತೆ, ಹೌದಾ?"

ಒಂದು ಸಲಕ್ಕೆ ಸ್ವಲ್ಪ ಟೈಟಾದಂತೆ ಕಾಣುತ್ತದೆ. ಬಿಸಿನೀರಿಗೆ ಹೆಣಿಗೆಯ ಕುಣಿಕೆಗಳು ಕುಗ್ಗುತ್ತವೆ, ಅಷ್ಟೆ. ಎಲಾಸ್ಟೇನಿನ ಬಲ ಇನ್ನಷ್ಟು ಕಡಿಮೆಯಾಗಿರುತ್ತದೆ. ಎರಡು ಸಲ ಉಟ್ಟರೆ ಮೊದಲಿಗಿಂತ ಲೂಸು. ಜಾರಿ ಕೂತ ಗಂಟನ್ನು, ತುಂಡಾದ ಎಳೆಯನ್ನು ಮನೆಯಲ್ಲಿ ಸರಿಮಾಡುವ ದಾರಿ ಇಲ್ಲ.

ಆದರೆ ಬಿಸಾಡುವ ಮುಂಚೆ ಯಾವ ಬಗೆಯ ಹಾನಿ ಎಂದು ನೋಡಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಎಳೆಯಿರಿ. ಕೂದಲಿಗಿಂತ ತೆಳುವಾದ, ಹೊಳೆಯುವ ಬಿಳಿ ಎಳೆಗಳು ಹೊರಗೆ ಚಾಚಿಕೊಂಡಿದ್ದರೆ, ಅಥವಾ ಎಳೆದಾಗ ಒಂದು ಜಾಗ ಮಾತ್ರ ಗುಳ್ಳೆಯಂತೆ ಉಬ್ಬಿದರೆ ಎಲಾಸ್ಟೇನ್ ತುಂಡಾಗಿದೆ. ಅದು ಮುಗಿಯಿತು. ಹಾಗಿಲ್ಲದೆ ಸೊಂಟದ ಪಟ್ಟಿ ಮಾತ್ರ ಸಡಿಲವಾಗಿ, ಕೆಳಗಿನ ಬಟ್ಟೆ ಪರೀಕ್ಷೆಯಲ್ಲಿ ಶೇಕಡಾ 95ರ ಮೇಲೆ ಹಿಂದಿರುಗಿದರೆ, ಟೈಲರ್ ಹತ್ತಿರ ಹೊಸ ಎಲಾಸ್ಟಿಕ್ ಹಾಕಿಸಬಹುದು. ನಿಟ್ ಬಟ್ಟೆಗೆ ಬಳಸುವ ಬಾಲ್ ಪಾಯಿಂಟ್ ಸೂಜಿ, ಜಿಗ್‌ಜಾಗ್ ಹೊಲಿಗೆ ಎಂದು ಹೇಳಿ ಹಾಕಿಸಿ. ಮಾಮೂಲಿ ಚೂಪು ಸೂಜಿ ಎಲಾಸ್ಟೇನ್ ಎಳೆಗೇ ಚುಚ್ಚುತ್ತದೆ, ನೇರ ಹೊಲಿಗೆ ಮೊದಲ ಸಲ ಹಿಗ್ಗಿದಾಗಲೇ ಪಟಪಟ ಕಿತ್ತುಬರುತ್ತದೆ.

ಮಗಳದರಲ್ಲಿ ಪೃಷ್ಠದ ಭಾಗವೇ 84ಕ್ಕೆ ಇಳಿದಿದ್ದರಿಂದ ಎಲಾಸ್ಟಿಕ್ ಹಾಕಿಸಿ ಪ್ರಯೋಜನವಿರಲಿಲ್ಲ. ಅವಳು ಹೊಸದಾಗಿ ಎರಡು ಕೊಂಡಳು. ಈ ಸಲ ಒಂದು ಸೈಜು ಚಿಕ್ಕದು ತೆಗೆದುಕೊಳ್ಳಲೇ, ಲೂಸಾಗುವುದು ತಡವಾಗಬಹುದಲ್ಲವೇ ಎಂದು ಕೇಳಿದಳು. ಬೇಡ ಎಂದೆ. ಚಿಕ್ಕದಾದರೆ ಉಟ್ಟ ಹೊತ್ತೆಲ್ಲ ಎಳೆ ತನ್ನ ಮಿತಿಯ ಹತ್ತಿರ ಹಿಗ್ಗಿಯೇ ಇರುತ್ತದೆ, ಇನ್ನೂ ಬೇಗ ಸೋಲುತ್ತದೆ. ಉಸಿರಾಟಕ್ಕೂ ಕಷ್ಟ. ಲೇಬಲ್ಲಿನಲ್ಲಿರುವ ಅಳತೆ ಪಟ್ಟಿ ನೋಡಿ ಅವಳ ಸೈಜೇ ತೆಗೆದುಕೊಂಡೆವು. ಮನೆಗೆ ಬಂದ ಮೇಲೆ ಎರಡರ ಸೊಂಟವನ್ನೂ ಅವಳೇ ಅಳೆದು, ತಾರೀಖಿನ ಜೊತೆ ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾಳೆ. ಮುಂದಿನ ಅಳತೆ ಗೌರಿ ಹಬ್ಬದ ಮಾರನೆಯ ವಾರ.